ಮೆಣಸಿನಕಾಯಿಯ ಉರಿ, ಹೊಟ್ಟೆಯ ಹುಣ್ಣು

(ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಹೊಟ್ಟೆ ಉರಿ ಎಂದು ಯಾರಾದರೂ ಹೇಳಿದ ತಕ್ಷಣ ನಮ್ಮ ಬಾಯಿಗೆ ಬರುವ ಮೊದಲ ಸಲಹೆ "ಖಾರ ಬಿಡಿ" ಅನ್ನುವುದು. ಮನೆಯ ಹಿರಿಯರೂ ಹಾಗೇ ಹೇಳುತ್ತಾರೆ, ಔಷಧಿ ಅಂಗಡಿಯವರೂ ಹಾಗೇ ಹೇಳುತ್ತಾರೆ. ಈ ಸಲಹೆಯೊಳಗೆ ಎರಡು ಮಾತು ಕಲೆತುಕೊಂಡಿವೆ. ಖಾರ ತಿಂದರೆ ಉರಿಯುತ್ತದೆ ಎಂಬುದು ಒಂದು. ಉರಿದಲ್ಲಿ ಗಾಯವಾಗಿರುತ್ತದೆ ಎಂಬುದು ಇನ್ನೊಂದು. ಮೊದಲನೆಯದು ನಿಜ. ಎರಡನೆಯದನ್ನು ಜನರ ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿಯೇ ಪರೀಕ್ಷಿಸಿದ್ದಾರೆ, ಆ ಫಲಿತಾಂಶಗಳನ್ನು ನೋಡೋಣ. ಅದಕ್ಕೆ ಮೊದಲು ಮೆಣಸಿನಕಾಯಿಯನ್ನೇ ಸೀಳಿ ನೋಡಬೇಕು.

ಒಂದು ಹಸಿಮೆಣಸಿನಕಾಯಿಯನ್ನು ಉದ್ದಕ್ಕೆ ಸೀಳಿ. ತೊಟ್ಟಿನ ಕೆಳಗಿನಿಂದ ಶುರುವಾಗಿ ಒಳಗೋಡೆಗೆ ಅಂಟಿಕೊಂಡಂತೆ ಇಳಿಯುವ ಬಿಳಿಯ ಮೆತ್ತನೆಯ ಪಟ್ಟಿ ಕಾಣುತ್ತದೆ. ಬೀಜಗಳೆಲ್ಲ ಅದಕ್ಕೇ ಕಚ್ಚಿಕೊಂಡಿರುತ್ತವೆ. ಖಾರದ ವಸ್ತುವಾದ ಕ್ಯಾಪ್ಸೈಸಿನ್ ತಯಾರಾಗುವುದು ಈ ಬಿಳಿ ಭಾಗದಲ್ಲಿ. ಖಾರವೆಲ್ಲ ಬೀಜದಲ್ಲಿದೆ ಎಂದು ಬಹಳ ಜನ ನಂಬಿದ್ದಾರೆ. ಬೀಜ ಸ್ವತಃ ಕ್ಯಾಪ್ಸೈಸಿನ್ ತಯಾರಿಸುವುದಿಲ್ಲ, ಪಕ್ಕದ ಬಿಳಿ ಭಾಗದಿಂದ ಅದರ ಮೇಲ್ಮೈಗೆ ಬಳಿದುಕೊಂಡದ್ದಷ್ಟೇ ಅದರ ಖಾರ. ಹೀಗಾಗಿ ಬೀಜ ಕೊಡವಿ ಬಿಳಿ ಪಟ್ಟಿಯನ್ನು ಹಾಗೇ ಉಳಿಸಿದರೆ ಪಲ್ಯದ ಖಾರ ಅಷ್ಟೇನೂ ಇಳಿಯುವುದಿಲ್ಲ. ಇಳಿಸಬೇಕಾದರೆ ಚಮಚದ ತುದಿಯಿಂದ ಆ ಪಟ್ಟಿಯನ್ನು ಕೆರೆದು ತೆಗೆಯಬೇಕು.

ಈಗ ಪ್ರಮಾಣ. ಖಾರವನ್ನು ಅಳೆಯುವ ಸ್ಕೋವಿಲ್ ಮಾಪನ 1912ರಿಂದ ಇದೆ. ಮೊದಲು ಅದನ್ನು ನಾಲಿಗೆಯಿಂದ ಅಳೆಯುತ್ತಿದ್ದರು, ಈಗ ಯಂತ್ರ ಅಳೆಯುತ್ತದೆ. ಸ್ಕೋವಿಲ್ ಅಂಕಿಯನ್ನು 16ರಿಂದ ಭಾಗಿಸಿದರೆ ಒಂದು ಗ್ರಾಂ ಪುಡಿಯಲ್ಲಿ ಎಷ್ಟು ಮೈಕ್ರೋಗ್ರಾಂ ಕ್ಯಾಪ್ಸೈಸಿನ್ ಇದೆ ಎಂಬ ಅಂದಾಜು ಸಿಗುತ್ತದೆ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ ಹೆಸರುವಾಸಿ, ಖಾರ ಕಡಿಮೆ. ಲೆಕ್ಕಕ್ಕೆ 10,000 ಸ್ಕೋವಿಲ್ ಎಂದು ಹಿಡಿಯೋಣ. ಗುಂಟೂರಿನದಕ್ಕೆ 30,000 ಇರಲಿ. ತಳಿ, ಹೊಲ, ಆ ವರ್ಷದ ಮಳೆ ನೋಡಿ ಇವು ಹಿಂದೆ ಮುಂದೆ ಆಗುತ್ತವೆ. ಹಾಗಾದರೆ ಒಂದು ಗ್ರಾಂ ಬ್ಯಾಡಗಿ ಪುಡಿಯಲ್ಲಿ ಸುಮಾರು 0.6 ಮಿಲಿಗ್ರಾಂ, ಗುಂಟೂರಿನದರಲ್ಲಿ ಸುಮಾರು 1.9 ಮಿಲಿಗ್ರಾಂ ಕ್ಯಾಪ್ಸೈಸಿನ್.

ನಾಲ್ಕು ಜನರ ಹುಳಿಗೆ ಎರಡು ಟೀ ಚಮಚ, ಅಂದರೆ ಸುಮಾರು 5 ಗ್ರಾಂ ಖಾರದ ಪುಡಿ ಹಾಕಿದ್ದೀರಿ ಅಂತಿಟ್ಟುಕೊಳ್ಳಿ. ತಲೆಗೆ ಬೀಳುವುದು ಒಂದೂಕಾಲು ಗ್ರಾಂ. ಬ್ಯಾಡಗಿಯಾದರೆ 0.8 ಮಿಲಿಗ್ರಾಂ, ಗುಂಟೂರಾದರೆ 2.3 ಮಿಲಿಗ್ರಾಂ. ಒಂದು ಊಟದಲ್ಲಿ ನಮ್ಮ ಹೊಟ್ಟೆಗೆ ಹೋಗುವ ಕ್ಯಾಪ್ಸೈಸಿನ್ ಇಷ್ಟೇ, ಒಂದೆರಡು ಮಿಲಿಗ್ರಾಂ. ಅದೂ ಅನ್ನ, ಬೇಳೆ, ಎಣ್ಣೆಯ ಜೊತೆ ಬೆರೆತು ಹೋಗುತ್ತದೆ. ಈ ಒಂದೂಕಾಲು ಗ್ರಾಂ ಎಂಬ ಲೆಕ್ಕ ನೆನಪಿನಲ್ಲಿರಲಿ, ಪ್ರಯೋಗಗಳ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಇಷ್ಟು ಸಣ್ಣ ಪ್ರಮಾಣ ಬಾಯನ್ನು ಹೊತ್ತಿಸುವುದು ಹೇಗೆ?

ನಮ್ಮ ನಾಲಿಗೆ, ತುಟಿ, ಕಣ್ಣು, ಚರ್ಮ, ಅನ್ನನಾಳ, ಜಠರ, ಗುದದ್ವಾರ, ಹೀಗೆ ಎಲ್ಲೆಡೆ ನೋವು ತಿಳಿಸುವ ತೆಳು ನರತಂತುಗಳಿವೆ. ಆ ತಂತುಗಳ ತುದಿಯ ಪೊರೆಯಲ್ಲಿ ಟಿಆರ್‌ಪಿವಿ1 ಎಂಬ ಪ್ರೋಟೀನು ಇರುತ್ತದೆ. ಅದೊಂದು ದ್ವಾರ. ಅದರ ನಿಜವಾದ ಕೆಲಸ ಸುಡುವ ಬಿಸಿಯನ್ನು ಗುರುತಿಸುವುದು. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದಾಗ ದ್ವಾರ ತೆರೆದು ಕ್ಯಾಲ್ಸಿಯಂ ಮತ್ತು ಸೋಡಿಯಂ ಅಯಾನುಗಳು ಒಳಗೆ ನುಗ್ಗುತ್ತವೆ, ನರ ಮಿಡಿಯುತ್ತದೆ, ಮಿದುಳಿಗೆ "ಸುಡುತ್ತಿದೆ" ಎಂಬ ಸುದ್ದಿ ಮುಟ್ಟುತ್ತದೆ. ಅಮೆರಿಕದ ಡೇವಿಡ್ ಜೂಲಿಯಸ್ ತಂಡ ಈ ಪ್ರೋಟೀನಿನ ಜೀನ್ ಪತ್ತೆ ಮಾಡಿ 1997ರಲ್ಲಿ ಪ್ರಕಟಿಸಿತು. ಅವರು ಹುಡುಕಲು ಹೊರಟಿದ್ದು ಕ್ಯಾಪ್ಸೈಸಿನ್‌ಗೆ ಪ್ರತಿಕ್ರಿಯಿಸುವ ಪ್ರೋಟೀನನ್ನು. ಸಿಕ್ಕಿದ್ದು ಬಿಸಿಯನ್ನು ಗುರುತಿಸುವ ಪ್ರೋಟೀನು, ಎರಡೂ ಒಂದೇ. 2021ರ ವೈದ್ಯಕೀಯ ನೊಬೆಲ್‌ನಲ್ಲಿ ಜೂಲಿಯಸ್ ಅವರಿಗೆ ಪಾಲು ಬಂದದ್ದು ಈ ಕೆಲಸಕ್ಕೆ.

ಕ್ಯಾಪ್ಸೈಸಿನ್ ಅಣುವಿಗೆ ಒಂದು ತಲೆ, ಒಂದು ಉದ್ದ ಬಾಲ. ಬಾಲ ಎಣ್ಣೆಯಂಥದ್ದು, ನೀರಿಗೆ ಸೇರದು, ಕೊಬ್ಬಿಗೆ ಸೇರುತ್ತದೆ. ನರದ ಪೊರೆಯೂ ಕೊಬ್ಬಿನದೇ. ಹಾಗಾಗಿ ಅಣು ಪೊರೆಯೊಳಗೆ ತೂರಿಕೊಂಡು ದ್ವಾರದ ಒಳಮಗ್ಗುಲಿನಿಂದ ಹೋಗಿ ಕೂರುತ್ತದೆ. ಮೆಣಸಿನಕಾಯಿ ಕಚ್ಚಿದ ಮೇಲೆ ಕೆಲವು ಕ್ಷಣ ಏನೂ ಆಗದೆ, ಆಮೇಲೆ ಉರಿ ಏರುವುದು ಇದಕ್ಕೇ. ನೀರು ಕುಡಿದರೆ ಉರಿ ಇಳಿಯದಿರುವುದೂ ಇದಕ್ಕೇ, ಪೊರೆಯೊಳಗೆ ಸೇರಿದ್ದನ್ನು ನೀರು ತೊಳೆಯಲಾರದು. ತಣ್ಣೀರು ಬಾಯಿಯಲ್ಲಿ ಇರುವಷ್ಟು ಹೊತ್ತು ಹಾಯೆನಿಸುತ್ತದೆ, ನುಂಗಿದ ಮೇಲೆ ಮತ್ತೆ ಮೊದಲಿನಂತೆಯೇ. ಹಾಲು ಅಥವಾ ಮೊಸರು ಕೆಲಸ ಮಾಡುತ್ತದೆ. ಅದರಲ್ಲಿರುವ ಕೇಸಿನ್ ಎಂಬ ಪ್ರೋಟೀನು ಕ್ಯಾಪ್ಸೈಸಿನ್‌ಗೆ ಅಂಟಿ ಅದನ್ನು ಎಳೆದುಕೊಳ್ಳುತ್ತದೆ. ಕೆನೆ ತೆಗೆದ ಹಾಲೂ ಆದೀತು. ಗಟಗಟ ಕುಡಿಯಬೇಡಿ. ಒಂದು ಗುಟುಕು ಬಾಯಿಯಲ್ಲಿಟ್ಟುಕೊಂಡು ಹತ್ತಿಪ್ಪತ್ತು ಸೆಕೆಂಡ್ ಮುಕ್ಕಳಿಸಿ ನುಂಗಿ, ಮತ್ತೆ ಇನ್ನೊಂದು ಗುಟುಕು.

ಕ್ಯಾಪ್ಸೈಸಿನ್ ಕೂತಾಗ ದ್ವಾರ ತೆರೆಯಲು 43 ಡಿಗ್ರಿ ಬೇಕಾಗುವುದಿಲ್ಲ, ಮೈಯ ಮಾಮೂಲಿ ಬಿಸಿಯೇ ಸಾಕಾಗುತ್ತದೆ. ಖಾರ ತಿಂದು ಬಿಸಿ ಚಹಾ ಕುಡಿದರೆ ಪ್ರಾಣ ಹೋದಂತಾಗುವುದು ಈ ಕಾರಣಕ್ಕೆ. ಹುಳಿಯೂ ಹಾಗೆಯೇ, ಆಮ್ಲ ಕೂಡ ಇದೇ ದ್ವಾರವನ್ನು ಕೆಣಕುತ್ತದೆ. ನಿಂಬೆರಸ ಹಿಂಡಿದ ಖಾರದ ತಿನಿಸು ಹೆಚ್ಚು ಉರಿಯುವುದು ಕಲ್ಪನೆಯಲ್ಲ. ಆಮ್ಲ ಮತ್ತು ಖಾರದ ಈ ಜೋಡಿ ಮುಂದೆ ಎದೆಯುರಿಯ ವಿಷಯದಲ್ಲಿ ಮತ್ತೆ ಎದುರಾಗುತ್ತದೆ.

ಇಷ್ಟರಲ್ಲಿ ನಾಲಿಗೆಯ ಉಷ್ಣತೆ ಏರಿರುವುದಿಲ್ಲ. ಕುದಿಯುವ ಎಣ್ಣೆ ತಾಗಿದರೆ ಅಂಗಾಂಶದ ಪ್ರೋಟೀನು ಹೆಪ್ಪುಗಟ್ಟುತ್ತದೆ, ಕೋಶ ಸಾಯುತ್ತದೆ. ಆಸಿಡ್ ತಾಗಿದರೂ ಅಷ್ಟೇ. ಕ್ಯಾಪ್ಸೈಸಿನ್ ಅಂಥ ಯಾವುದನ್ನೂ ಮಾಡುವುದಿಲ್ಲ. ಹಾಗಂತ ಅದು ಬರೀ ಭ್ರಮೆ ಎಂದು ತಳ್ಳಿಹಾಕುವುದೂ ಸರಿಯಲ್ಲ. ಕೆರಳಿದ ನರದ ತುದಿ ಮಿದುಳಿಗೆ ಸುದ್ದಿ ಕಳಿಸುವುದಷ್ಟೇ ಅಲ್ಲ, ತಾನಿರುವ ಜಾಗದಲ್ಲೂ ಕೆಲವು ರಾಸಾಯನಿಕಗಳನ್ನು ಬಿಡುತ್ತದೆ. ಅವುಗಳಲ್ಲಿ ಮುಖ್ಯವಾದವು ಸಿಜಿಆರ್‌ಪಿ ಮತ್ತು ಸಬ್‌ಸ್ಟೆನ್ಸ್ ಪಿ. ಇವು ಅಲ್ಲಿನ ರಕ್ತನಾಳಗಳನ್ನು ಹಿಗ್ಗಿಸುತ್ತವೆ. ತುಟಿ ಕೆಂಪಾಗಿ ಊದಿದಂತಾಗುವುದು ನಿಜವಾಗಿ ನಡೆಯುವ ಘಟನೆ. ಆದರೆ ಅದು ಗಾಯವಲ್ಲ, ಗಾಯವಾಗದಿರಲಿ ಎಂದು ದೇಹ ಮುಂಚಿತವಾಗಿ ರಕ್ತ ಹರಿಸುವ ಕ್ರಿಯೆ. ಸ್ವಲ್ಪ ಹೊತ್ತಿನಲ್ಲಿ ಗುರುತಿಲ್ಲದಂತೆ ಇಳಿಯುತ್ತದೆ.

ದಿನಾ ಖಾರ ತಿನ್ನುವವರಿಗೆ ಉರಿ ಕಡಿಮೆ ಆಗುವುದೂ ಇದೇ ದ್ವಾರದ ಗುಣ. ಒಳಗೆ ನುಗ್ಗಿದ ಕ್ಯಾಲ್ಸಿಯಂ ಹೆಚ್ಚಾದಂತೆ ದ್ವಾರ ತಾನಾಗಿ ಮಂದವಾಗುತ್ತದೆ. ಪ್ರಮಾಣ ಬಹಳ ಹೆಚ್ಚಾದರೆ ನರದ ತುದಿಯೇ ಕೆಲಕಾಲ ಹಿಂದೆ ಸರಿಯುತ್ತದೆ. ಇದನ್ನೇ ಔಷಧಿಯಾಗಿ ಬಳಸುತ್ತಾರೆ. ಸರ್ಪಸುತ್ತು ವಾಸಿಯಾದ ಮೇಲೂ ಉಳಿಯುವ ನರನೋವಿಗೆ ಶೇ 8ರಷ್ಟು ಕ್ಯಾಪ್ಸೈಸಿನ್ ಇರುವ ಪಟ್ಟಿಯನ್ನು ಆಸ್ಪತ್ರೆಯಲ್ಲಿ ಚರ್ಮಕ್ಕೆ ಅಂಟಿಸುತ್ತಾರೆ. ಒಣಮೆಣಸಿನಕಾಯಿಯ ಪುಡಿಯಲ್ಲಿರುವುದು ಶೇ 0.1 ಅಥವಾ 0.2ರ ಆಸುಪಾಸು. ಶೇ 8ರ ಪಟ್ಟಿ ಹಾಕಿದ ಚರ್ಮ ಕೆಂಪಾಗುತ್ತದೆ, ಉರಿಯುತ್ತದೆ, ಆದರೆ ಆಸಿಡ್ ಬಿದ್ದಂತೆ ಸುಟ್ಟುಹೋಗುವುದಿಲ್ಲ.

ಇನ್ನು ಜಠರ. ಒಂದು ಕಡೆ ಬಟ್ಟೆ ತೂತು ಮಾಡಬಲ್ಲ ಹೈಡ್ರೋಕ್ಲೋರಿಕ್ ಆಮ್ಲ, ಪಿಎಚ್ 1ರಿಂದ 2. ಇನ್ನೊಂದು ಕಡೆ ಒಂದೇ ಸಾಲಿನ ಕೋಶಗಳ ಮೇಲ್ಪದರ. ಇವೆರಡರ ನಡುವೆ ಒಂದು ಮಿಲಿಮೀಟರಿಗಿಂತ ತೆಳುವಾದ ಲೋಳೆ. ಮೇಲ್ಪದರದ ಕೋಶಗಳು ಈ ಲೋಳೆಯೊಳಗೆ ಬೈಕಾರ್ಬನೇಟ್ ಸುರಿಸುತ್ತಲೇ ಇರುತ್ತವೆ. ಆಮ್ಲ ಲೋಳೆ ದಾಟಿ ಕೋಶದ ಹತ್ತಿರ ಬರುವಷ್ಟರಲ್ಲಿ ಬಹುಪಾಲು ತಟಸ್ಥವಾಗಿರುತ್ತದೆ. ಹಾಗಿದ್ದೂ ಕೆಲವು ಕೋಶಗಳು ಸಾಯುತ್ತವೆ, ಉದುರುತ್ತವೆ, ಕೆಲವೇ ದಿನಗಳಲ್ಲಿ ಇಡೀ ಮೇಲ್ಪದರ ಹೊಸದಾಗುತ್ತದೆ. ಇದೆಲ್ಲ ನಡೆಯಬೇಕಾದರೆ ಕೆಳಗಿನಿಂದ ರಕ್ತ ಬೇಕು. ರಕ್ತದ ಹರಿವು ಕಡಿಮೆಯಾದರೆ ಬೈಕಾರ್ಬನೇಟ್ ಕಡಿಮೆ, ರಿಪೇರಿ ನಿಧಾನ, ಒಳಕ್ಕೆ ಸೋರಿದ ಆಮ್ಲ ಅಲ್ಲೇ ಉಳಿಯುತ್ತದೆ.

ಆ ರಕ್ತನಾಳಗಳ ಸುತ್ತಲೂ ಹೆಣೆದುಕೊಂಡಿರುವುದು ಬಾಯಿಯಲ್ಲಿ ನೋಡಿದ ಅದೇ ಜಾತಿಯ ನರತಂತುಗಳು. ಟಿಆರ್‌ಪಿವಿ1 ದ್ವಾರವೂ ಅದೇ, ಸಿಜಿಆರ್‌ಪಿಯೂ ಅದೇ. ಆಮ್ಲ ಸ್ವಲ್ಪ ಒಳಗೆ ಸೋರಿದರೆ ಈ ನರ ಕೆರಳಿ ಸಿಜಿಆರ್‌ಪಿ ಬಿಡುತ್ತದೆ, ನಾಳ ಹಿಗ್ಗುತ್ತದೆ, ರಕ್ತ ನುಗ್ಗಿ ಆಮ್ಲವನ್ನು ತೊಳೆದೊಯ್ಯುತ್ತದೆ. ಊಟದ ಕ್ಯಾಪ್ಸೈಸಿನ್ ಮಾಡುವುದೂ ಇದನ್ನೇ, ಕಾವಲುಗಾರನನ್ನು ಎಬ್ಬಿಸುತ್ತದೆ. ಹಂಗೇರಿಯ ಸೊಲ್ಚಾನ್ಯಿ ಮತ್ತು ಬಾರ್ತೊ 1981ರ ಹೊತ್ತಿಗೇ ಇಲಿಗಳಲ್ಲಿ ಇದನ್ನು ತೋರಿಸಿದ್ದರು. ಅಲ್ಪ ಪ್ರಮಾಣದ ಕ್ಯಾಪ್ಸೈಸಿನ್ ಜಠರಕ್ಕೆ ಕೊಟ್ಟರೆ ಹುಣ್ಣು ಕಡಿಮೆಯಾಗುತ್ತಿತ್ತು. ಭಾರಿ ಪ್ರಮಾಣ ಕೊಟ್ಟು ಆ ನರಗಳನ್ನೇ ನಿಷ್ಕ್ರಿಯಗೊಳಿಸಿದ ಇಲಿಗಳಲ್ಲಿ ಹುಣ್ಣು ಹೆಚ್ಚಾಗುತ್ತಿತ್ತು. ಈ ಎರಡನೆಯ ಭಾಗವನ್ನಷ್ಟೇ ಹಿಡಿದು "ಕ್ಯಾಪ್ಸೈಸಿನ್‌ನಿಂದ ಅಲ್ಸರ್" ಎಂದು ಬರೆಯುವವರಿದ್ದಾರೆ. ಪ್ರಮಾಣ ಯಾವುದು, ಕೊಟ್ಟ ದಾರಿ ಯಾವುದು ಎಂದು ನೋಡದೆ ಇಂಥ ಸುದ್ದಿ ನಂಬಬಾರದು. ಒಂದೂಕಾಲು ಗ್ರಾಂ ಖಾರದ ಪುಡಿ ಆ ಮಟ್ಟದ ಹತ್ತಿರಕ್ಕೂ ಹೋಗುವುದಿಲ್ಲ.

ಇಲಿ ಇಲಿಯೇ. ಮನುಷ್ಯರ ಮೇಲೆ ಏನು ಗೊತ್ತಾಗಿದೆ? ಮೂರು ಪ್ರಯೋಗಗಳನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲನೆಯದು ದೆಹಲಿಯದು, 1984ರಲ್ಲಿ ಪ್ರಕಟವಾಯಿತು. ಸಣ್ಣಕರುಳಿನ ಮೊದಲ ಭಾಗದಲ್ಲಿ ಹುಣ್ಣು ಇದ್ದ 50 ರೋಗಿಗಳು. ಎಲ್ಲರಿಗೂ ಆಮ್ಲ ತಗ್ಗಿಸುವ ಆಂಟಾಸಿಡ್ ಔಷಧಿ. ಅರ್ಧ ಜನರಿಗೆ ಆಸ್ಪತ್ರೆಯ ಮಾಮೂಲಿ ಊಟ, ಉಳಿದರ್ಧ ಜನರಿಗೆ ಅದೇ ಊಟದ ಜೊತೆ ದಿನಕ್ಕೆ 3 ಗ್ರಾಂ ಕೆಂಪು ಖಾರದ ಪುಡಿ. ನಮ್ಮ ಹುಳಿಯ ಲೆಕ್ಕದಲ್ಲಿ ಎರಡು ಪಾಲಿಗಿಂತ ಹೆಚ್ಚು. ನಾಲ್ಕು ವಾರದ ಮೇಲೆ ಎಂಡೋಸ್ಕೋಪಿ ಮಾಡಿ, ಅಂದರೆ ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡಿದರೆ ಎರಡೂ ಗುಂಪಿನಲ್ಲಿ ಶೇ 80ಕ್ಕಿಂತ ಹೆಚ್ಚು ಜನರ ಹುಣ್ಣು ಮಾಗಿತ್ತು. ಈಗಾಗಲೇ ಇದ್ದ ಹುಣ್ಣು ಕೂಡ ಖಾರದಿಂದಾಗಿ ಮಾಗದೆ ಉಳಿಯಲಿಲ್ಲ. ನಮ್ಮದೇ ದೇಶದ, ನಮ್ಮದೇ ಥರದ ಊಟದ ಪ್ರಯೋಗ ಇದು. ಆದರೂ ಹುಣ್ಣಿನ ರೋಗಿಗೆ ಸಪ್ಪೆ ಊಟ ಬರೆದುಕೊಡುವ ಪದ್ಧತಿ ಹೋಗಲಿಲ್ಲ ಎಂಬುದು ಬೇಸರದ ಸಂಗತಿ.

ಎರಡನೆಯದು ಅಮೆರಿಕದ ಹ್ಯೂಸ್ಟನ್‌ನಲ್ಲಿ ಡೇವಿಡ್ ಗ್ರಹಾಂ ತಂಡ ನಡೆಸಿ 1988ರಲ್ಲಿ ಪ್ರಕಟಿಸಿದ್ದು. 12 ಆರೋಗ್ಯವಂತರು. ಅವರಿಗೇ ಬೇರೆ ಬೇರೆ ದಿನ ಬೇರೆ ಬೇರೆ ಊಟ: ಒಮ್ಮೆ ಸಪ್ಪೆ ಊಟ, ಒಮ್ಮೆ ಸಪ್ಪೆ ಊಟದ ಜೊತೆ ಆಸ್ಪಿರಿನ್, ಒಮ್ಮೆ ಮಸಾಲೆಯ ಪಿಜ್ಜಾ, ಒಮ್ಮೆ ಖಾರದ ಮೆಕ್ಸಿಕನ್ ಊಟ. ಪ್ರತಿ ಸಲವೂ ಎಂಡೋಸ್ಕೋಪಿ. ಆಸ್ಪಿರಿನ್ ದಿನ ಬಹುತೇಕ ಎಲ್ಲರ ಜಠರದಲ್ಲೂ ಸಣ್ಣ ಸಣ್ಣ ಸವೆತಗಳು ಕಂಡವು. ಖಾರದ ಊಟ ಅಂಥ ಹಾನಿ ಮಾಡಿದ್ದು ಕಾಣಲಿಲ್ಲ. ಇಷ್ಟಕ್ಕೇ ಬಿಡದೆ 30 ಗ್ರಾಂ ಅರೆದ ಹಾಲಪೆನ್ಯೊ ಮೆಣಸಿನಕಾಯಿಯನ್ನು ನೇರವಾಗಿ ಜಠರದೊಳಕ್ಕೇ ಹಾಕಿ ನೋಡಿದರು. ಆಗಲೂ ಒಳಪೊರೆಗೆ ಕಾಣುವಂಥ ಹಾನಿ ಆಗಲಿಲ್ಲ.

ಇಲ್ಲಿ ಎದುರು ಸಾಕ್ಷ್ಯವನ್ನೂ ಹೇಳಬೇಕು. ಇದೇ ಗುಂಪು ಹಿಂದಿನ ವರ್ಷ, 1987ರಲ್ಲಿ, ಕೆಂಪು ಖಾರದ ಪುಡಿ ಮತ್ತು ಕಾಳುಮೆಣಸನ್ನು ಜಠರಕ್ಕೆ ಕೊಟ್ಟು ಅಲ್ಲಿನ ದ್ರವವನ್ನು ಹೀರಿ ಪರೀಕ್ಷಿಸಿತ್ತು. ಆಗ ಉದುರಿದ ಕೋಶಗಳ ಪ್ರಮಾಣ ಹೆಚ್ಚಿತ್ತು, ಕೆಲವರಲ್ಲಿ ಸೂಕ್ಷ್ಮವಾಗಿ ರಕ್ತ ಜಿನುಗಿದ್ದೂ ಕಂಡಿತ್ತು. ಖಾರ ಹಾನಿ ಮಾಡುತ್ತದೆ ಎನ್ನುವವರು ಇದನ್ನು ಉಲ್ಲೇಖಿಸುತ್ತಾರೆ. ಎರಡಕ್ಕೂ ವಿರೋಧವಿಲ್ಲ ಎಂದು ನನಗನಿಸುತ್ತದೆ. ದ್ರವದ ಪರೀಕ್ಷೆ ಮೇಲ್ಪದರದ ಕೋಶಗಳ ಮಟ್ಟದ ಬದಲಾವಣೆಯನ್ನು ಹಿಡಿಯುತ್ತದೆ, ಕ್ಯಾಮೆರಾ ಕಣ್ಣಿಗೆ ಕಾಣುವ ಸವೆತವನ್ನು ಹಿಡಿಯುತ್ತದೆ. ಪುಡಿಯನ್ನು ನೇರವಾಗಿ ಜಠರಕ್ಕೇ ಹಾಕಿದಾಗ ಕೋಶಗಳು ಹೆಚ್ಚಾಗಿ ಉದುರುತ್ತವೆ. ಹೇಗೂ ಕೆಲವೇ ದಿನಗಳಲ್ಲಿ ಬದಲಾಗುವ ಪದರ ಅದನ್ನು ತುಂಬಿಕೊಳ್ಳುತ್ತದೆ. ಅದರಿಂದ ಹುಣ್ಣಾಯಿತು ಎನ್ನಲು ಆಧಾರವಿಲ್ಲ. ಖಾಲಿ ಹೊಟ್ಟೆಯಲ್ಲಿ ಬರೀ ಮೆಣಸಿನಕಾಯಿ ಜಗಿಯುವುದು ಬೇಡ ಎನ್ನಲು ಮಾತ್ರ ಇದು ಸಾಕು.

ಮೂರನೆಯದು ಸಿಂಗಪುರದ್ದು, 1995. ಇದು ಎಲ್ಲಕ್ಕಿಂತ ಅಚ್ಚರಿಯದ್ದು. 18 ಆರೋಗ್ಯವಂತರಿಗೆ 20 ಗ್ರಾಂ ಖಾರದ ಪುಡಿಯನ್ನು 200 ಮಿಲಿಲೀಟರ್ ನೀರಿನ ಜೊತೆ ಕೊಟ್ಟರು. 20 ಗ್ರಾಂ ಎಂದರೆ ನಾವು ಹೇಳಿದ ನಾಲ್ಕು ಜನರ ಹುಳಿ ನಾಲ್ಕು ಪಾತ್ರೆ! ಅರ್ಧ ಗಂಟೆಯ ಮೇಲೆ 600 ಮಿಲಿಗ್ರಾಂ ಆಸ್ಪಿರಿನ್. ಆರು ಗಂಟೆಯ ಮೇಲೆ ಎಂಡೋಸ್ಕೋಪಿ. ಇನ್ನೊಂದು ಸಲ ಅದೇ ಜನರಿಗೆ ಖಾರವಿಲ್ಲದೆ ಬರೀ ನೀರು, ಆಮೇಲೆ ಆಸ್ಪಿರಿನ್. ಜಠರದ ಹಾನಿಗೆ ಅಂಕ ಹಾಕಿ ನೋಡಿದಾಗ ಖಾರವಿಲ್ಲದ ದಿನ ಮಧ್ಯಮ ಅಂಕ 4, ಖಾರ ತಿಂದ ದಿನ 1.5. ಖಾರ ಇದ್ದಾಗ ಆಸ್ಪಿರಿನ್ ಮಾಡುವ ಗಾಯ ಕಡಿಮೆಯಾಯಿತು. ಇಲಿಗಳ ಸಿಜಿಆರ್‌ಪಿ ಕಥೆ ಮನುಷ್ಯರಲ್ಲೂ ನಡೆಯುತ್ತದೆ ಎಂಬುದಕ್ಕೆ ಇದು ಒಳ್ಳೆಯ ಪುರಾವೆ. ಇದನ್ನು ಕೇಳಿ ನೋವಿನ ಮಾತ್ರೆ ನುಂಗುವ ಮೊದಲು ಖಾರದ ಪುಡಿ ತಿನ್ನಲು ಹೊರಡಬೇಡಿ. ಒಂದು ಡೋಸ್ ಆಸ್ಪಿರಿನ್, ಆರು ಗಂಟೆ, ಆರೋಗ್ಯವಂತರು, ಪ್ರಯೋಗದ ಮಿತಿ ಅಷ್ಟೇ.

ಮೂರರಲ್ಲಿ ಎರಡು ಪ್ರಯೋಗಗಳಲ್ಲಿ ಆಸ್ಪಿರಿನ್ ಬಂತು. ಅದನ್ನು ಬಳಸಿದ್ದು ಅದು ಖಚಿತವಾಗಿ ಗಾಯ ಮಾಡುತ್ತದೆ ಎಂಬ ಕಾರಣಕ್ಕೇ. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಇವೆಲ್ಲ ಒಂದೇ ಬಗೆಯ ನೋವು ನಿವಾರಕಗಳು. ಜಠರದ ಲೋಳೆ, ಬೈಕಾರ್ಬನೇಟ್, ರಕ್ತದ ಹರಿವು ಮೂರನ್ನೂ ನೋಡಿಕೊಳ್ಳುವ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತುವಿನ ತಯಾರಿಕೆಯನ್ನು ಅವು ತಡೆಯುತ್ತವೆ. ಜೊತೆಗೆ ನೋವನ್ನೂ ಮರೆಸುತ್ತವೆ. ಹಾಗಾಗಿ ಇವು ಮಾಡುವ ಹುಣ್ಣು ಎಷ್ಟೋ ಸಲ ಉರಿಯುವುದೇ ಇಲ್ಲ, ನೇರವಾಗಿ ರಕ್ತಸ್ರಾವದಿಂದಲೇ ಗೊತ್ತಾಗುತ್ತದೆ. ಮೆಣಸಿನಕಾಯಿ ಉರಿಸುತ್ತದೆ, ಗಾಯ ಮಾಡುವುದಿಲ್ಲ. ನೋವಿನ ಮಾತ್ರೆ ಗಾಯ ಮಾಡುತ್ತದೆ, ಉರಿಸುವುದಿಲ್ಲ. ಮಂಡಿನೋವಿಗೆ ವರ್ಷಗಟ್ಟಲೆ ಅಂಗಡಿಯಿಂದ ಮಾತ್ರೆ ತಂದು ನುಂಗುವ ಹಿರಿಯರು "ಗ್ಯಾಸ್ಟ್ರಿಕ್" ಆಯಿತೆಂದು ಚಟ್ನಿ ಬಿಟ್ಟು, ಮಾತ್ರೆ ಮುಂದುವರಿಸುವುದು ನಮ್ಮಲ್ಲಿ ಬಹಳ. ಬಿಡುವುದೇ ಆದರೆ ವೈದ್ಯರನ್ನು ಕೇಳಿ ಮೊದಲು ಬಿಡಬೇಕಾದ್ದು ಆ ಮಾತ್ರೆ. ಹೃದಯಕ್ಕೆಂದು ವೈದ್ಯರು ಬರೆದುಕೊಟ್ಟ 75 ಮಿಲಿಗ್ರಾಂ ಆಸ್ಪಿರಿನ್ ಇದ್ದರೆ ಅದನ್ನು ಮಾತ್ರ ಸ್ವಂತ ನಿರ್ಧಾರದಿಂದ ನಿಲ್ಲಿಸಬೇಡಿ, ಅಪಾಯ.

ಹುಣ್ಣಿನ ಇನ್ನೊಂದು ದೊಡ್ಡ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರ ನೊಬೆಲ್ ಬಂದದ್ದು ಇದಕ್ಕೆ. ಭಾರತದಲ್ಲಿ ಈ ಸೋಂಕು ತುಂಬ ಸಾಮಾನ್ಯ. ಇದಕ್ಕೆ ಆಂಟಿಬಯಾಟಿಕ್ ಬೇಕು, ಪಥ್ಯದಿಂದ ಹೋಗುವುದಲ್ಲ.

ಹಾಗಾದರೆ ಖಾರ ಯಾರಿಗೂ ತೊಂದರೆ ಕೊಡುವುದಿಲ್ಲವೇ? ಕೊಡುತ್ತದೆ. ಗಾಯವಿಲ್ಲದೆಯೂ ನೋವು ನೋವೇ.

ಎದೆಯುರಿ, ಹುಳಿತೇಗು ಇರುವವರು ಮೊದಲ ಗುಂಪು. ಜಠರಕ್ಕೆ ಇರುವಂಥ ಲೋಳೆಯ ರಕ್ಷಣೆ ಅನ್ನನಾಳಕ್ಕೆ ಇಲ್ಲ. ಆಮ್ಲ ಮೇಲಕ್ಕೆ ಬಂದು ಬಂದು ಅಲ್ಲಿನ ನರದ ತುದಿಗಳು ಮೊದಲೇ ಕೆರಳಿರುತ್ತವೆ. ಆಮ್ಲ ಮತ್ತು ಕ್ಯಾಪ್ಸೈಸಿನ್ ಒಂದೇ ದ್ವಾರವನ್ನು ತಟ್ಟುತ್ತವೆ ಎಂದೆನಲ್ಲ, ಅದು ಇಲ್ಲಿ ಅನುಭವಕ್ಕೆ ಬರುತ್ತದೆ. ಎರಡನೆಯ ಗುಂಪು, ಎಂಡೋಸ್ಕೋಪಿಯಲ್ಲಿ ಎಲ್ಲ ಸರಿಯಾಗಿ ಕಂಡರೂ ಹೊಟ್ಟೆ ಉರಿ, ಭಾರ ಎನ್ನುವವರು. ಇವರ ನರಗಳು ಅತಿಸೂಕ್ಷ್ಮ. ಕುತೂಹಲದ ಸಂಗತಿಯೆಂದರೆ 2002ರಲ್ಲಿ ಇಟಲಿಯಲ್ಲಿ ಇಂಥವರಿಗೇ ದಿನಕ್ಕೆ 2.5 ಗ್ರಾಂ ಖಾರದ ಪುಡಿಯನ್ನು ಕ್ಯಾಪ್ಸೂಲ್‌ನಲ್ಲಿ ಐದು ವಾರ ಕೊಟ್ಟಾಗ, ಸುಳ್ಳು ಕ್ಯಾಪ್ಸೂಲ್ ನುಂಗಿದವರಿಗಿಂತ ಹೆಚ್ಚು ಆರಾಮ ಸಿಕ್ಕಿತು. ನರ ಮಂದವಾಗುವ ಗುಣವೇ ಇದರ ಹಿಂದಿರುವುದು. ಆದರೆ ಶುರುವಿನಲ್ಲಿ ನೋವು ಹೆಚ್ಚಾಗಬಹುದು, ಮನೆಯಲ್ಲಿ ಮಾಡಿನೋಡುವ ಚಿಕಿತ್ಸೆ ಅಲ್ಲ.

ನಿಮಗೆ ತೊಂದರೆ ಕೊಡುತ್ತಿರುವುದು ಖಾರವೋ ಬೇರೇನೋ ಎಂದು ತಿಳಿಯಲು ಒಂದು ದಾರಿ ಇದೆ. ಸಂಜೆ ಏಳು ಗಂಟೆಗೆ ಎರಡು ಮಿರ್ಚಿ ಬಜ್ಜಿ, ಮಂಡಕ್ಕಿ, ಒಂದು ಚಹಾ ತೆಗೆದುಕೊಂಡು, ಹತ್ತಕ್ಕೆ ಮಲಗಿ, ಹನ್ನೊಂದಕ್ಕೆ ಎದೆಯುರಿಯಿಂದ ಏಳುವವರನ್ನು ಊಹಿಸಿಕೊಳ್ಳಿ. ಅವರು ಮೆಣಸಿನಕಾಯಿಯನ್ನು ದೂರುತ್ತಾರೆ. ಆ ಬಜ್ಜಿಯಲ್ಲಿ ಕಡಲೆಹಿಟ್ಟಿದೆ, ಎಣ್ಣೆ ಇದೆ. ಎಣ್ಣೆ ಜಠರ ಖಾಲಿಯಾಗುವುದನ್ನು ತಡಮಾಡುತ್ತದೆ, ಅನ್ನನಾಳದ ಕೆಳಗಿನ ಕವಾಟವನ್ನೂ ಸಡಿಲಿಸುತ್ತದೆ. ಆಮೇಲೆ ರಾತ್ರಿಯ ಊಟ, ತಕ್ಷಣ ಮಲಗುವುದು. ಪರೀಕ್ಷೆ ಹೀಗೆ: ಒಂದು ವಾರ ಅದೇ ಹೊತ್ತಿಗೆ, ಅದೇ ಅಂಗಡಿಯ ಆಲೂಗಡ್ಡೆ ಬಜ್ಜಿ ಎರಡು, ಖಾರವಿಲ್ಲದ ಮಂಡಕ್ಕಿ, ಅದೇ ಚಹಾ. ಮಧ್ಯಾಹ್ನ, ರಾತ್ರಿ ಎರಡೂ ಊಟದ ಸಾರೂ ಖಾರವಿಲ್ಲದ್ದು. ಉಳಿದದ್ದೇನೂ ಬದಲಾಗಬಾರದು. ರಾತ್ರಿಯ ಉರಿಯನ್ನು ಸೊನ್ನೆಯಿಂದ ಹತ್ತರವರೆಗೆ ಅಂಕ ಹಾಕಿ ಬರೆದಿಡಿ. ಎರಡನೆಯ ವಾರ ಬಜ್ಜಿಯೇ ಬೇಡ, ಆದರೆ ಮಧ್ಯಾಹ್ನದ ಊಟದಲ್ಲಿ ಮಾಮೂಲಿ ಖಾರ ಇರಲಿ, ರಾತ್ರಿ ಊಟ ಏಳೂವರೆಗೆ ಮುಗಿಯಲಿ. ಮೊದಲ ವಾರ ಉರಿ ಹಾಗೇ ಇದ್ದು ಎರಡನೆಯ ವಾರ ಇಳಿದರೆ ಕಾರಣ ಎಣ್ಣೆ ಮತ್ತು ಹೊತ್ತು. ಮೊದಲ ವಾರವೇ ಇಳಿದು, ಎರಡನೆಯ ವಾರ ಮಧ್ಯಾಹ್ನದ ಊಟದ ಬೆನ್ನಿಗೇ ಮತ್ತೆ ಉರಿ ಬಂದರೆ ಖಾರವೇ ಕಾರಣ. ಎಲ್ಲವನ್ನೂ ಒಟ್ಟಿಗೆ ಬಿಟ್ಟರೆ ಆರಾಮವಾಗುತ್ತದೆ, ಯಾವುದರಿಂದ ಎಂದು ಮಾತ್ರ ಎಂದೂ ಗೊತ್ತಾಗುವುದಿಲ್ಲ.

ಈ ಪರೀಕ್ಷೆ ಎಲ್ಲರಿಗೂ ಅಲ್ಲ. ಮಲ ಡಾಂಬರಿನಂತೆ ಕಪ್ಪಗೆ, ಅಂಟಾಗಿ ಹೋಗುತ್ತಿದ್ದರೆ, ವಾಂತಿಯಲ್ಲಿ ರಕ್ತ ಇದ್ದರೆ, ನುಂಗಲು ಕಷ್ಟವಾಗುತ್ತಿದ್ದರೆ, ಕಾರಣವಿಲ್ಲದೆ ತೂಕ ಇಳಿದಿದ್ದರೆ, ರಕ್ತಹೀನತೆ ಇದ್ದರೆ ಬಜ್ಜಿ ಬದಲಿಸುತ್ತ ಕೂರಬೇಡಿ, ಎಂಡೋಸ್ಕೋಪಿ ಮಾಡಿಸಿ. ಕಬ್ಬಿಣಾಂಶದ ಮಾತ್ರೆ ತಿನ್ನುವವರ ಮಲವೂ ಕಪ್ಪಾಗುತ್ತದೆ, ಅದನ್ನು ವೈದ್ಯರಿಗೆ ಮೊದಲೇ ಹೇಳಿ.

ಇನ್ನು ಪಂದ್ಯ ಕಟ್ಟಿ ಅತಿಖಾರ ತಿನ್ನುವವರ ವಿಷಯ. ಈಶಾನ್ಯ ಭಾರತದ ಭೂತ್ ಜೊಲೊಕಿಯಾದ ಖಾರ 10 ಲಕ್ಷ ಸ್ಕೋವಿಲ್ ದಾಟುತ್ತದೆ, ನಮ್ಮ ಬ್ಯಾಡಗಿಯ ನೂರು ಪಟ್ಟು. ಅಮೆರಿಕದಲ್ಲಿ ಈ ಮೆಣಸಿನಕಾಯಿ ತಿನ್ನುವ ಪಂದ್ಯದ ನಂತರ ಒಬ್ಬರ ಅನ್ನನಾಳವೇ ಹರಿದ ಪ್ರಕರಣ 2016ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಮೆಣಸಿನಕಾಯಿ ಅನ್ನನಾಳವನ್ನು ಸುಟ್ಟು ತೂತು ಮಾಡಿದ್ದಲ್ಲ. ತಡೆಯಲಾರದೆ ಬಂದ ಭಾರಿ ವಾಂತಿಯ ಒತ್ತಡಕ್ಕೆ ಅದು ಹರಿಯಿತು. ಜೀವಕ್ಕೆ ಅಪಾಯವೇ, ಆದರೆ ದಾರಿ ಬೇರೆ. ಅತಿಖಾರ ತಿಂದ ಮೇಲೆ ಜೋರು ವಾಂತಿಯಾಗಿ ಎದೆಯಲ್ಲಿ ಇರಿದಂಥ ನೋವು ಶುರುವಾದರೆ ಹಾಲು ಕುಡಿಸುತ್ತ ಕೂರದೆ ಆಸ್ಪತ್ರೆಗೆ ಓಡಬೇಕು.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಕೊಡಲಾಗಿದೆ.

"ಮೆಣಸಿನಕಾಯಿ ಹೆಚ್ಚಿದ ಮೇಲೆ ಕೈ ಉರಿ ಗಂಟೆಗಟ್ಟಲೆ ಹೋಗುವುದಿಲ್ಲ. ಏನು ಮಾಡಬೇಕು?"

ಮೊದಲು ನೀರು ಹಾಕಬೇಡಿ. ಒಂದು ಚಮಚ ಅಡುಗೆ ಎಣ್ಣೆಯನ್ನು ಬೆರಳುಗಳಿಗೆ, ಉಗುರಿನ ಸಂದಿಗೆ ಒಂದೆರಡು ನಿಮಿಷ ಉಜ್ಜಿ, ಬಟ್ಟೆಯಿಂದ ಒರೆಸಿ, ಆಮೇಲೆ ಪಾತ್ರೆ ತೊಳೆಯುವ ಸೋಪಿನಿಂದ ತಣ್ಣೀರಿನಲ್ಲಿ ತೊಳೆಯಿರಿ. ಬೇಕಾದರೆ ಇನ್ನೊಮ್ಮೆ. ಬಿಸಿನೀರು ಉರಿಯನ್ನು ಹೆಚ್ಚಿಸುತ್ತದೆ, 43 ಡಿಗ್ರಿಯ ವಿಷಯ ಹೇಳಿದೆನಲ್ಲ. ಕಣ್ಣಿಗೆ ತಾಗಿದ್ದರೆ ಎಣ್ಣೆ ಬೇಡ, ಧಾರಾಳವಾಗಿ ಶುದ್ಧ ನೀರು ಹಾಯಿಸಿ, ಲೆನ್ಸ್ ಹಾಕಿದ್ದರೆ ಮೊದಲು ಅದನ್ನು ತೆಗೆಯಿರಿ.

"ಸರ್, ಮೂಲವ್ಯಾಧಿ ಇರುವವರು ಖಾರ ಬಿಡಬೇಕೇ?"

ಗುದದ್ವಾರದಲ್ಲೂ ಅದೇ ನರ, ಅದೇ ದ್ವಾರ. ಹೀರಲ್ಪಡದೆ ಉಳಿದ ಕ್ಯಾಪ್ಸೈಸಿನ್ ಅಲ್ಲಿ ತಾಗಿದರೆ ಉರಿಯುತ್ತದೆ. ಸೀಳು, ಅಂದರೆ ಫಿಶರ್ ಇದ್ದರೆ ಖಾರ ನೋವನ್ನು ಹೆಚ್ಚಿಸುತ್ತದೆ ಎಂದು ನಾಗಪುರದಲ್ಲಿ ನಡೆದ ಪ್ರಯೋಗ ತೋರಿಸಿದೆ. ಆ ಗಾಯ ಮಾಗುವವರೆಗೆ, ಶಸ್ತ್ರಚಿಕಿತ್ಸೆ ಆಗಿದ್ದರೆ ಅದು ಒಣಗುವವರೆಗೆ, ಖಾರ ತಗ್ಗಿಸುವುದು ಒಳ್ಳೆಯದು. ಆದರೆ ಮೂಲವ್ಯಾಧಿ ಬರಿಸುವುದು ಮಲಬದ್ಧತೆ ಮತ್ತು ಮಲವಿಸರ್ಜನೆಗೆ ತಿಣುಕುವುದು. ನಾರು, ನೀರು ಸರಿಮಾಡದೆ ಖಾರ ಒಂದನ್ನೇ ಬಿಟ್ಟರೆ ಉಪಯೋಗವಾಗದು.

"ದಿನಾ ಬೆಳಿಗ್ಗೆ ಗ್ಯಾಸ್ಟ್ರಿಕ್ ಮಾತ್ರೆ ತೆಗೆದುಕೊಳ್ಳುತ್ತೇನೆ. ಪೈಲೋರಿ ಪರೀಕ್ಷೆ ಮಾಡಿಸಿದೆ, ಇಲ್ಲ ಅಂತ ಬಂತು. ಹಾಗಾದರೆ ನನ್ನದು ಖಾರದ್ದೇ ಅಲ್ಲವೇ?"

ಆ ಮಾತ್ರೆ ಪ್ಯಾಂಟೊಪ್ರಜೋಲ್ ಅಥವಾ ಅದರ ಬಳಗದ್ದಾಗಿದ್ದರೆ ಆ ವರದಿಯನ್ನು ನಂಬುವಂತಿಲ್ಲ. ಆಮ್ಲ ಕಡಿಮೆಯಾದಾಗ ಬ್ಯಾಕ್ಟೀರಿಯಾದ ಸಂಖ್ಯೆ ತಗ್ಗುತ್ತದೆ, ಸೋಂಕು ಇದ್ದರೂ ಪರೀಕ್ಷೆಗೆ ಸಿಗದೆ ಹೋಗಬಹುದು. ಉಸಿರಿನ ಪರೀಕ್ಷೆಯಾಗಲಿ ಮಲದ ಪರೀಕ್ಷೆಯಾಗಲಿ, ಅದಕ್ಕೆ ಎರಡು ವಾರ ಮೊದಲು ಈ ಮಾತ್ರೆ ನಿಲ್ಲಿಸಿರಬೇಕು, ನಾಲ್ಕು ವಾರದಿಂದ ಆಂಟಿಬಯಾಟಿಕ್ ತೆಗೆದುಕೊಂಡಿರಬಾರದು. ನಿಲ್ಲಿಸಿದ ಮೊದಲ ದಿನಗಳಲ್ಲಿ ಉರಿ ಜೋರಾಗಬಹುದು, ಆಗ ಸಾದಾ ಆಂಟಾಸಿಡ್ ದ್ರವ ಸಾಮಾನ್ಯವಾಗಿ ನಡೆಯುತ್ತದೆ, ವೈದ್ಯರನ್ನು ಕೇಳಿಯೇ ಮಾಡಿ. ಹಿಂದೆ ಹುಣ್ಣಿನಿಂದ ರಕ್ತಸ್ರಾವವಾಗಿದ್ದರೆ, ರಕ್ತ ತೆಳುವಾಗಿಸುವ ಔಷಧಿ ನಡೆಯುತ್ತಿದ್ದರೆ, ನೀವಾಗಿಯೇ ನಿಲ್ಲಿಸಬೇಡಿ. ಪರೀಕ್ಷೆಯನ್ನು ಮತ್ತೆ ಮಾಡಿಸಿ. ಅದರ ಫಲಿತಾಂಶ ಬರುವವರೆಗೆ ಚಟ್ನಿಯ ಮೇಲೆ ತಪ್ಪು ಹೊರಿಸುವುದು ಬೇಡ.